ರಾತ್ರಿ ಪಾಳಿಯ ಮೇಲೆ ಹೊರಿಸಿದ ತಪ್ಪು

ಹೊಸಕೋಟೆ, ಮಾಲೂರು, ನೆಲಮಂಗಲ, ಆನೇಕಲ್ ಕಡೆಯ ದೊಡ್ಡ ಗೋದಾಮುಗಳಲ್ಲಿ ದಿನ ಶುರುವಾಗುವುದು ಒಂದು ಹಾಳೆಯಿಂದ. ಅದರಲ್ಲಿ ಮೂರು ಪಾಳಿಗೆ ಮೂರು ಸಾಲು, ಪ್ರತಿ ಸಾಲಿಗೆ ಎರಡು ಮುಖ್ಯ ಅಂಕಿ. ಒಂದು, ಕಪಾಟಿನಿಂದ ತೆಗೆದ ಸಾಮಾನಿನಲ್ಲಿ ಎಷ್ಟು ಪಾಲು ಸರಿಯಾಗಿತ್ತು ಎಂಬುದು. ಇನ್ನೊಂದು, ಗಿರಾಕಿಯ ಆರ್ಡರ್ ಬಂದ ಗಳಿಗೆಯಿಂದ ಸಾಮಾನು ಗಾಡಿ ಹತ್ತಿ ಗೇಟು ದಾಟುವವರೆಗೆ ಸರಾಸರಿ ಎಷ್ಟು ಹೊತ್ತಾಯಿತು ಎಂಬುದು. ರಾತ್ರಿ ಪಾಳಿಯ ಸಾಲಿಗೆ ಹೆಚ್ಚಿನ ದಿನ ಕೆಂಪು ಬಣ್ಣ ಬಿದ್ದಿರುತ್ತದೆ. ಮೀಟಿಂಗಿನಲ್ಲಿ ನಿಂತವರೆಲ್ಲ ಅದನ್ನು ನೋಡಿ ಒಂದೇ ತೀರ್ಮಾನಕ್ಕೆ ಬರುತ್ತಾರೆ: ರಾತ್ರಿಯವರು ನಿಧಾನ, ರಾತ್ರಿಯವರಿಗೆ ಗಮನವಿಲ್ಲ, ಹಳ್ಳಿಯಿಂದ ಬಂದ ಹುಡುಗರಿಗೆ ಶಿಸ್ತು ಕಲಿಸಬೇಕು.

ಈ ತೀರ್ಮಾನ ತಪ್ಪು. ಅದೇ ಗೋದಾಮಿನ ಕಂಪ್ಯೂಟರಿನಲ್ಲಿ ಕೂತಿರುವ ಅಂಕಿಗಳೇ ಅದನ್ನು ಸುಳ್ಳು ಮಾಡುತ್ತವೆ. ಇಂಥ ಹಾಳೆಗಳನ್ನು ವರ್ಷಗಟ್ಟಲೆ ತಯಾರಿಸಿದವನಾಗಿ ಹೇಳುತ್ತೇನೆ: ಪಾಳಿಗಳನ್ನು ಹೀಗೆ ಸಾಲಾಗಿ ನಿಲ್ಲಿಸಿ ಯಾರು ಮೇಲು ಯಾರು ಕೀಳು ಎಂದು ಅಳೆಯುವ ವರದಿ ಒಂದು ಪಾಳಿಯ ಬಾಕಿಯನ್ನು ಇನ್ನೊಂದರ ಖಾತೆಗೆ ಬರೆಯುತ್ತದೆ. ಆ ಖಾತೆಯ ಮೇಲೆ ಹುಡುಗರ ಇನ್ಸೆಂಟಿವ್ ನಿಂತಿದೆ, ಕಾಂಟ್ರಾಕ್ಟರ್ ಮುಂದಿನ ತಿಂಗಳು ಯಾರನ್ನು ಇಟ್ಟುಕೊಳ್ಳುತ್ತಾನೆ ಎಂಬುದು ನಿಂತಿದೆ. ಮಂಡ್ಯದ ಕಡೆಯ ಬಂಡೂರಿನಿಂದ, ಮಳವಳ್ಳಿಯಿಂದ, ಮದ್ದೂರಿನಿಂದ ಪಿಯುಸಿ, ಐಟಿಐ ಮುಗಿಸಿ ಬೆಂಗಳೂರಿನ ಹೊರವಲಯಕ್ಕೆ ಹೋಗಿ, ನಾಲ್ಕೈದು ಜನ ಸೇರಿ ಒಂದು ರೂಮು ಹಿಡಿದ ಹುಡುಗ ಹುಡುಗಿಯರ ಬದುಕು ಈ ಎರಡು ಅಂಕಿಗೆ ಕಟ್ಟುಬಿದ್ದಿದೆ. ಆದ್ದರಿಂದ ಇದನ್ನು ಆಫೀಸಿನ ಒಳಗಿನ ಮಾತೆಂದು ಬಿಡುವಂತಿಲ್ಲ.

ಮೊದಲು ಹೊತ್ತಿನ ಲೆಕ್ಕ ನೋಡೋಣ. ಅಂಕಿಗಳನ್ನು ಉದಾಹರಣೆಗೆಂದು ದುಂಡಾಗಿಯೇ ಇಟ್ಟುಕೊಳ್ಳುತ್ತೇನೆ. ಯಾರು ಬೇಕಾದರೂ ಕಾಗದದ ಮೇಲೆ ಮಾಡಿ ನೋಡಬಹುದು.

ಮಧ್ಯಾಹ್ನದ ಪಾಳಿ 2ರಿಂದ ರಾತ್ರಿ 10ರವರೆಗೆ, ರಾತ್ರಿ ಪಾಳಿ 10ರಿಂದ ಬೆಳಗಿನ 6ರವರೆಗೆ. ಮಧ್ಯಾಹ್ನದ ಪಾಳಿಯ ಹೊತ್ತಿನಲ್ಲಿ 2,400 ಆರ್ಡರ್ ಬಂದವು. ಅದರಲ್ಲಿ 1,600ನ್ನು ಆ ಪಾಳಿಯೇ ಕಳಿಸಿತು, ಒಂದೊಂದಕ್ಕೆ ಸರಾಸರಿ 2 ಗಂಟೆ ಹಿಡಿಯಿತು. ಉಳಿದ 800 ಹಾಗೇ ಬಿದ್ದವು. ಜನ ಕೆಲಸದಿಂದ ಮನೆಗೆ ಬಂದು ಮೊಬೈಲ್ ಹಿಡಿಯುವುದು ಸಂಜೆಯಾದ ಮೇಲೆ, ಹಾಗಾಗಿ ಆ ಹೊತ್ತಿನಲ್ಲಿ ಒಟ್ಟಿಗೇ ಬಂದು ಬೀಳುವ ಆರ್ಡರ್ ಪಾಳಿ ಮುಗಿಯುವಾಗ ಉಳಿದುಕೊಳ್ಳುವುದು ಸಹಜ. ರಾತ್ರಿ 10ಕ್ಕೆ ಪಾಳಿ ಬದಲಾದಾಗ ಆ 800 ಆರ್ಡರ್‌ಗಳಿಗೆ ಆಗಲೇ ಸರಾಸರಿ 3 ಗಂಟೆ ವಯಸ್ಸಾಗಿತ್ತು.

ರಾತ್ರಿ ಪಾಳಿಗೆ ಅದರದೇ ಹೊತ್ತಿನಲ್ಲಿ ಹೊಸದಾಗಿ 1,000 ಆರ್ಡರ್ ಬಂದವು. ಹಳೆಯದು ಹೊಸದು ಸೇರಿ 1,800. ಎಲ್ಲವನ್ನೂ ರಾತ್ರಿಯವರು ಕಳಿಸಿ ಮುಗಿಸಿದರು. ಪ್ರತಿ ಆರ್ಡರ್ ಅವರ ಕೈಯಲ್ಲಿ ಇದ್ದದ್ದು ಸರಾಸರಿ 2 ಗಂಟೆ ಮಾತ್ರ. ಅಂದರೆ ಹೊಸ 1,000ಕ್ಕೆ 2 ಗಂಟೆ. ಹಳೆಯ 800ಕ್ಕೆ ಮೊದಲೇ ಕಳೆದ 3 ಗಂಟೆ ಸೇರಿ 5 ಗಂಟೆ.

ಈಗ ವರದಿ ಏನು ಹೇಳುತ್ತದೆ? ಆರ್ಡರ್ ಯಾವ ಪಾಳಿಯಲ್ಲಿ ಗೇಟು ದಾಟಿತೋ ಆ ಪಾಳಿಯ ಲೆಕ್ಕಕ್ಕೆ ಅದು ಸೇರುತ್ತದೆ. ಮಧ್ಯಾಹ್ನದ ಪಾಳಿಯ ಸರಾಸರಿ 2 ಗಂಟೆ. ರಾತ್ರಿಯದು 3 ಗಂಟೆ 20 ನಿಮಿಷ. ಕೆಂಪು ಬಣ್ಣ ಬೀಳುವುದು ಇಲ್ಲಿ.

ಅದೇ ಆರ್ಡರ್‌ಗಳನ್ನು ಅವು ಬಂದ ಪಾಳಿಯ ಲೆಕ್ಕಕ್ಕೆ ಸೇರಿಸಿ ನೋಡಿ. ಮಧ್ಯಾಹ್ನ ಬಂದ 2,400 ಆರ್ಡರ್‌ಗಳಿಗೆ ಸರಾಸರಿ 3 ಗಂಟೆ. ರಾತ್ರಿ ಬಂದ 1,000ಕ್ಕೆ 2 ಗಂಟೆ. ಒಂದು ಆರ್ಡರ್ ಕೂಡ ಬದಲಾಗಿಲ್ಲ, ಯಾರೂ ಒಂದು ನಿಮಿಷ ಹೆಚ್ಚು ಕಡಿಮೆ ದುಡಿದಿಲ್ಲ. ಆದರೆ ನಿಧಾನದ ಪಾಳಿ ಚುರುಕಿನದಾಯಿತು, ಚುರುಕಿನದು ನಿಧಾನದ್ದಾಯಿತು. ಎಣಿಸುವ ಬಗೆ ಬದಲಾದೊಡನೆ ತಲೆಕೆಳಗಾಗುವ ಅಂಕಿಯನ್ನು ಹಿಡಿದು ಮನುಷ್ಯರ ಸ್ವಭಾವದ ಬಗ್ಗೆ ಮಾತಾಡುವುದು ಅನ್ಯಾಯ.

ಮಂಡ್ಯದ ಕಡೆಯವರಿಗೆ ಈ ಅನ್ಯಾಯ ಹೊಸದಲ್ಲ. ಕಬ್ಬು ಕಡಿದ ಮೇಲೆ ಬೇಗ ಅರೆಯಬೇಕು. ತಡವಾದಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಮೈಷುಗರ್ ಇರಲಿ, ಕೊಪ್ಪ, ಕೆ.ಎಂ.ದೊಡ್ಡಿಯ ಕಾರ್ಖಾನೆಗಳಿರಲಿ, ಗಾಡಿಗಳು ಸಾಲುಗಟ್ಟಿ ನಿಂತ ದಿನ ಕಬ್ಬು ಒಣಗುವುದು ಕಾರ್ಖಾನೆಯ ಮುಂದೆ. ತೂಕದ ಚೀಟಿಯಲ್ಲಿ ನಷ್ಟ ಕಾಣುವುದು ಮಾತ್ರ ರೈತನ ಹೆಸರಿನಲ್ಲಿ. ಕಾದ ಹೊತ್ತು ಒಬ್ಬರದು, ಕಳೆದ ತೂಕ ಇನ್ನೊಬ್ಬರದು ಎಂಬ ಲೆಕ್ಕವನ್ನು ಅಪ್ಪಂದಿರು ವೇಬ್ರಿಡ್ಜ್ ಮೇಲೆ ಅನುಭವಿಸಿದ್ದಾರೆ. ಮಕ್ಕಳು ಗೋದಾಮಿನಲ್ಲಿ ಅನುಭವಿಸುತ್ತಿದ್ದಾರೆ.

ಉಳಿದ ಆ 800 ಎಂಥ ಆರ್ಡರ್‌ಗಳು ಎಂಬುದೂ ಮುಖ್ಯ. ಪಾಳಿ ಮುಗಿಯಲು ಒಂದು ಗಂಟೆ ಇದೆ ಎಂದಾಗ ಯಾವ ಸೂಪರ್‌ವೈಸರ್ ಆದರೂ ಬೇಗ ಮುಗಿಯುವ ಕೆಲಸವನ್ನೇ ಬಿಡುಗಡೆ ಮಾಡಿಸುತ್ತಾನೆ: ಒಂದೇ ಐಟಂ ಇರುವ ಆರ್ಡರ್, ಪ್ಯಾಕಿಂಗ್ ಟೇಬಲ್‌ಗೆ ಹತ್ತಿರದ ಸಾಲು, ಕೈಗೆಟುಕುವ ಕಪಾಟು. ಐದಾರು ಐಟಂ ಇರುವ, ಎರಡು ಮೂರು ಕಡೆ ಓಡಾಡಿಸುವ, ಏಣಿ ಹತ್ತಿಸುವ, ಇಪ್ಪತ್ತು ಕೇಜಿ ಅಕ್ಕಿ ಮೂಟೆಯಂಥ ಆರ್ಡರ್‌ಗಳು ಕೆಳಗೆ ಉಳಿಯುತ್ತವೆ. ಅವು ರಾತ್ರಿಗೆ ಬರುತ್ತವೆ. ವರದಿಯಲ್ಲಿ ಎಲ್ಲ ಆರ್ಡರ್‌ಗೂ ಒಂದೇ ಬೆಲೆ.

ಇನ್ನು ಗಾಡಿಯ ವಿಷಯ. ರಾತ್ರಿ 1ಕ್ಕೆ ಪ್ಯಾಕ್ ಆಗಿ ಬೇ ಮೇಲೆ ಬಂದು ಕೂತ ಪೆಟ್ಟಿಗೆ, ಕೊರಿಯರ್ ಗಾಡಿ 5.30ಕ್ಕೆ ಬಂದರೆ ನಾಲ್ಕೂವರೆ ಗಂಟೆ ಅಲ್ಲೇ ಕೂತಿರುತ್ತದೆ. ಗೇಟು ದಾಟಿದ್ದನ್ನೇ ಡಿಸ್ಪ್ಯಾಚ್ ಎಂದು ಎಣಿಸುವ ವರದಿಯಲ್ಲಿ ಆ ನಾಲ್ಕೂವರೆ ಗಂಟೆಯೂ ಪಿಕ್ಕರ್‌ನ ತಲೆಗೇ ಬರುತ್ತದೆ. ಗಾಡಿಯ ಸಮಯ ಗೊತ್ತುಮಾಡಿದ್ದು ಆಫೀಸು. ಅದನ್ನು ಬದಲಿಸುವ ಅಧಿಕಾರ ಟ್ರಾಲಿ ತಳ್ಳುವವನಿಗಿಲ್ಲ.

ಈ ವಾದಕ್ಕೆ ಬರುವ ಮೊದಲ ಉತ್ತರ ನನಗೆ ಗೊತ್ತು: "ಹೊತ್ತಿನ ವಿಷಯ ಬಿಡಿ, ತಪ್ಪು ಐಟಂ ತೆಗೆದದ್ದಕ್ಕೆ ಯಾವ ನೆಪ ಇದೆ? ತೆಗೆದ ಕೈ ಅವನದೇ ಅಲ್ಲವೇ?"

ತೆಗೆದ ಕೈ ಅವನದೇ. ಆದರೆ ತಪ್ಪು ಹುಟ್ಟಿದ ಜಾಗ ಬೇರೆ ಇರಬಹುದು, ಮತ್ತು ಅದನ್ನು ಕಂಡುಹಿಡಿಯುವುದು ಕಷ್ಟವೂ ಅಲ್ಲ. ಪಿಕ್ಕರ್ ಕೆಲಸವನ್ನು ಹತ್ತಿರದಿಂದ ನೋಡೋಣ. ಕೈಯಲ್ಲಿ ಸ್ಕ್ಯಾನರ್, ಮುಂದೆ ಟ್ರಾಲಿ, ಟ್ರಾಲಿಯಲ್ಲಿ ಪ್ಲಾಸ್ಟಿಕ್ ಡಬ್ಬಗಳು. ಸ್ಕ್ಯಾನರ್ ಪರದೆಯ ಮೇಲೆ `B-14-03-C` ಎಂದು ಬರುತ್ತದೆ. ಬಿ ವಿಭಾಗ, 14ನೇ ಸಾಲು, 3ನೇ ಕಪಾಟು, ಸಿ ಖಾನೆ. ಅಲ್ಲಿಗೆ ನಡೆದು, ಬಿನ್ನಿನ ಮೇಲಿನ ಚೀಟಿಯನ್ನು ಸ್ಕ್ಯಾನ್ ಮಾಡಿ, ಹೇಳಿದಷ್ಟು ತೆಗೆದು, ಡಬ್ಬಕ್ಕೆ ಹಾಕಿ ಮುಂದಿನ ಬಿನ್ನಿಗೆ ಹೋಗಬೇಕು. ನಡಿಗೆ ಸೇರಿ ಇದಕ್ಕೆ ಸಿಗುವುದು ಕೆಲವೇ ಸೆಕೆಂಡು.

ಆ ಬಿನ್ನಿನಲ್ಲಿ 180 ಮಿಲಿಯ ಶಾಂಪೂ ಇರಬೇಕು. ಮಧ್ಯಾಹ್ನ ಲಾರಿಯಿಂದ ಇಳಿಸಿದ ಸಾಮಾನನ್ನು ಜೋಡಿಸುವಾಗ ಯಾರೋ ಅದೇ ಬಣ್ಣದ, ಅದೇ ಆಕಾರದ 340 ಮಿಲಿ ಬಾಟಲಿಗಳ ಒಂದು ಪೆಟ್ಟಿಗೆಯನ್ನು ಅಲ್ಲಿ ಸುರಿದರು. ಗೋದಾಮಿನವರು ಪುಟ್‌ಅವೇ ಎಂದು ಕರೆಯುವ ಈ ಕೆಲಸದ ತಪ್ಪು ಆ ದಿನದ ವರದಿಯಲ್ಲಿ ಎಲ್ಲೂ ಕಾಣುವುದಿಲ್ಲ. ರಾತ್ರಿ ಆ ಶಾಂಪೂಗೆ ಆರ್ಡರ್ ಬಂದಾಗಲೆಲ್ಲ ಅದು ಮೇಲೆ ಬರುತ್ತದೆ. ಬಿನ್ನಿನ ಚೀಟಿಯನ್ನು ಮಾತ್ರ ಸ್ಕ್ಯಾನ್ ಮಾಡುವ ಪದ್ಧತಿ ಇದ್ದರೆ ಯಂತ್ರ ಸರಿ ಎನ್ನುತ್ತದೆ, ಹುಡುಗ ತೆಗೆದುಕೊಂಡು ಹೋಗುತ್ತಾನೆ, ಪ್ಯಾಕಿಂಗ್ ಟೇಬಲ್‌ನಲ್ಲಿ ತಪ್ಪು ಸಿಕ್ಕಿಬೀಳುತ್ತದೆ, ಅವನ ಹೆಸರಿಗೆ ಒಂದು ಗೆರೆ ಬೀಳುತ್ತದೆ. ಪ್ರತಿ ಐಟಂ ಮೇಲಿನ ಬಾರ್‌ಕೋಡನ್ನೂ ಸ್ಕ್ಯಾನ್ ಮಾಡಬೇಕಾದ ಕಡೆ ಯಂತ್ರ ಒಪ್ಪುವುದಿಲ್ಲ. ಆಗ ಅವನು ಬಿನ್ನಿನಲ್ಲಿ ತಡಕಾಡಿ, ಸಿಗದೆ, ಐಟಂ ಇಲ್ಲ ಎಂದು ಒತ್ತಿ, ಸ್ಟಾಕ್ ಇರುವ ಬೇರೆ ಬಿನ್ ತೋರಿಸುವವರೆಗೆ ಕಾಯುತ್ತಾನೆ. ಅವನ ನಿಖರತೆ ಉಳಿಯಿತು, ವೇಗ ಬಿತ್ತು. ಒಂದೇ ತಪ್ಪು ಒಂದು ಗೋದಾಮಿನಲ್ಲಿ ಅಜಾಗರೂಕತೆಯಾಗಿ ದಾಖಲಾಗುತ್ತದೆ, ಇನ್ನೊಂದರಲ್ಲಿ ನಿಧಾನಗತಿಯಾಗಿ. ಎರಡೂ ಕಡೆ ಬೆಲೆ ತೆತ್ತವನು ತಪ್ಪು ಮಾಡಿದವನಲ್ಲ.

ಹಗಲಿನಲ್ಲಾದರೆ ಸ್ಟಾಕ್ ತಂಡದವರನ್ನು ಕರೆದು ಬಿನ್ ಸರಿಮಾಡಿಸಬಹುದು. ಬಹಳಷ್ಟು ಕಡೆ ಆ ತಂಡ ರಾತ್ರಿ ಇರುವುದಿಲ್ಲ. ಹಾಗಾಗಿ ಒಂದು ಬಿನ್ನಿನ ತಪ್ಪು ಹಗಲಿನಲ್ಲಿ ಒಂದೋ ಎರಡೋ ಸಲ ಎಣಿಕೆಯಾಗಿ ನಿಂತರೆ, ರಾತ್ರಿ ಬೆಳಗಾಗುವ ತನಕ ಎಣಿಕೆಯಾಗುತ್ತಲೇ ಇರುತ್ತದೆ.

ಇದನ್ನೂ ಅಂಕಿಗೆ ಇಳಿಸೋಣ. ಬೆಳಗಿನ ಪಾಳಿ 6,000 ಐಟಂ ಸಾಲು ತೆಗೆದು 12 ತಪ್ಪು ಮಾಡಿತು: 99.8 ಶೇಕಡ. ರಾತ್ರಿ ಪಾಳಿ 4,000 ಸಾಲು ತೆಗೆದು 20 ತಪ್ಪು ಮಾಡಿತು: 99.5 ಶೇಕಡ. ಮೀಟಿಂಗಿನಲ್ಲಿ ಇದನ್ನು "ಎರಡೂವರೆ ಪಟ್ಟು ತಪ್ಪು" ಎಂದು ಓದುತ್ತಾರೆ. ಆ 20 ತಪ್ಪುಗಳನ್ನು ಬಿನ್ನಿನ ಪ್ರಕಾರ ಜೋಡಿಸಿ ನೋಡಿದಾಗ 11 ತಪ್ಪು ಒಂದೇ ಶಾಂಪೂ ಬಿನ್ನಿನವು ಎಂದು ತಿಳಿಯಿತು ಎನ್ನಿ. ಉಳಿದದ್ದು 9. ಬೆಳಗಿನ ಪಾಳಿಯ ಪ್ರಮಾಣದಲ್ಲೇ ತಪ್ಪು ನಡೆದಿದ್ದರೆ 4,000ಕ್ಕೆ 8 ಆಗಬೇಕಿತ್ತು. ಇಡೀ ಪಾಳಿಗೆ ಸೋಮಾರಿ ಎಂಬ ಹೆಸರು ಬಂದದ್ದರ ಹಿಂದೆ ಉಳಿದ ವ್ಯತ್ಯಾಸ ಒಂದೇ ಒಂದು ಐಟಂ. ಅಷ್ಟು ವ್ಯತ್ಯಾಸ ಯಾವ ಎರಡು ದಿನಗಳ ನಡುವೆಯೂ ಇರುತ್ತದೆ.

ಹೀಗೆ ಜೋಡಿಸಿ ನೋಡುವುದೇ ಈ ವರದಿಯ ನಿಜವಾದ ಕೆಲಸ. ತಪ್ಪುಗಳು ಒಂದೇ ಬಿನ್ನಿನಲ್ಲಿ ಗುಂಪಾಗಿದ್ದರೆ ದೋಷ ಜೋಡಿಸಿದ್ದರಲ್ಲಿದೆ, ಇಲ್ಲವೇ ಒಂದೇ ಥರದ ಸಾಮಾನನ್ನು ಪಕ್ಕಪಕ್ಕ ಇಟ್ಟದ್ದರಲ್ಲಿದೆ. ಬೇರೆ ಬೇರೆ ಬಿನ್ನಿನಲ್ಲಿ ಒಬ್ಬನ ಹೆಸರಿಗೇ ಬೀಳುತ್ತಿದ್ದರೆ ಅವನಿಗೆ ತರಬೇತಿ ಬೇಕು, ಅಥವಾ ಅವನ ಸ್ಕ್ಯಾನರ್ ಕೆಟ್ಟಿದೆ. ಒಂದು ಗಂಟೆಯ ಸುತ್ತ ಎಲ್ಲರ ಹೆಸರಿಗೂ ಬೀಳುತ್ತಿದ್ದರೆ ಅದು ದಣಿವು, ಬೆಳಕು, ಊಟದ ಹೊತ್ತು. ಮೂರು ಪ್ರಶ್ನೆಗೆ ಮೂರು ಬೇರೆ ಉತ್ತರ ಕೊಡಬಲ್ಲ ಮಾಹಿತಿಯನ್ನು ಒಟ್ಟು ಮಾಡಿ, ಪಾಳಿಗೊಂದು ಶೇಕಡಾವಾರು ಎಂದು ಅರೆದುಬಿಟ್ಟರೆ ಆ ಉತ್ತರಗಳೆಲ್ಲ ಮಾಯವಾಗುತ್ತವೆ. ಉಳಿಯುವುದು ಬೈಗುಳಕ್ಕೆ ಒಂದು ಗುರಿ.

ಹಾಳೆಯಲ್ಲಿ ಎಣಿಕೆಯಾಗುವುದು ಸಿಕ್ಕಿಬಿದ್ದ ತಪ್ಪು ಮಾತ್ರ ಎಂಬುದನ್ನೂ ಮರೆಯಬಾರದು. ಪ್ಯಾಕಿಂಗ್ ಟೇಬಲ್‌ನಲ್ಲಿ ಕಟ್ಟುನಿಟ್ಟಾಗಿ ನೋಡುವ ಹೆಣ್ಣುಮಗಳು ಇರುವ ಪಾಳಿಯಲ್ಲಿ ತಪ್ಪು ಹೆಚ್ಚು ಸಿಗುತ್ತದೆ, ಗಿರಾಕಿಯ ಮನೆಗೆ ತಪ್ಪು ಸಾಮಾನು ಹೋಗುವುದು ಕಡಿಮೆಯಾಗುತ್ತದೆ. ಹಾಗೇ ಟೇಪ್ ಹಚ್ಚಿ ಕಳಿಸುವ ಪಾಳಿಯಲ್ಲಿ ತಪ್ಪು ಸಿಗುವುದೇ ಇಲ್ಲ. ಅದು ದಿನಗಳು ಕಳೆದ ಮೇಲೆ ವಾಪಸ್ ಬಂದ ಪೆಟ್ಟಿಗೆಯಾಗಿ ಕಾಣುತ್ತದೆ. ಅಷ್ಟರಲ್ಲಿ ಆ ದಿನದ ಹಾಳೆ ಮುಚ್ಚಿ, ಶಭಾಷ್‌ಗಿರಿ ಹಂಚಿಯಾಗಿರುತ್ತದೆ. ವಾಪಸ್ ಬಂದ ತಪ್ಪುಗಳನ್ನು ಅವು ಹೊರಟ ಪಾಳಿಯ ಲೆಕ್ಕಕ್ಕೆ ಹಿಂದಕ್ಕೆ ಹೋಗಿ ಸೇರಿಸದ ವರದಿ, ಎಚ್ಚರದಿಂದ ಕೆಲಸ ಮಾಡುವವರನ್ನು ದಂಡಿಸಿ ಎಚ್ಚರಗೇಡಿಗಳಿಗೆ ಬಹುಮಾನ ಕೊಡುತ್ತದೆ.

ರಾತ್ರಿ ಕೆಲಸಕ್ಕೂ ಹಗಲಿನ ಕೆಲಸಕ್ಕೂ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೆಳಗಿನ ಜಾವ 3ರಿಂದ 5ರ ಹೊತ್ತಿಗೆ ಮನುಷ್ಯನ ಮೈ ನಿದ್ದೆ ಕೇಳುತ್ತದೆ, ಗಮನ ಇಳಿಯುತ್ತದೆ. ಆಸ್ಪತ್ರೆಯಲ್ಲೂ ರೈಲ್ವೆಯಲ್ಲೂ ಇದು ತಿಳಿದ ವಿಷಯ. ಒಂದು ವಾರ ರಾತ್ರಿ, ಮುಂದಿನ ವಾರ ಹಗಲು ಎಂದು ತಿರುಗಿಸಿದರೆ ಮೈ ಯಾವುದಕ್ಕೂ ಒಗ್ಗುವುದಿಲ್ಲ. ಹಗಲು ರೂಮಿನಲ್ಲಿ ಇತರರು ಎದ್ದಿರುವಾಗ ಮಲಗಬೇಕಾದ ಹುಡುಗನಿಗೆ ನಿದ್ದೆ ತುಂಬುವುದಿಲ್ಲ. ಆದರೆ ಈ ಕಾರಣಕ್ಕೆ ತಪ್ಪಾಗುತ್ತಿದ್ದರೆ ಗಂಟೆವಾರು ಲೆಕ್ಕದಲ್ಲಿ ಅದು ಕಾಣಬೇಕು: 10ರಿಂದ 2ರವರೆಗೆ ರಾತ್ರಿಯವರೂ ಹಗಲಿನವರಷ್ಟೇ ಸರಿಯಾಗಿದ್ದು, 3ರ ನಂತರ ತಪ್ಪು ಏರಬೇಕು. ಹಾಗೆ ಕಂಡರೆ ಪರಿಹಾರ ಪಾಳಿಯ ತಿರುಗಣಿ, ವಿರಾಮ, ಬೆಳಕು, ಆ ಎರಡು ಗಂಟೆಗೆ ಹಗುರ ಕೆಲಸ. ಬೈಗುಳದಿಂದ ಯಾರ ನಿದ್ದೆಯೂ ತುಂಬುವುದಿಲ್ಲ.

ಎರಡನೆಯ ಉತ್ತರವೂ ಬರುತ್ತದೆ: "ಪಾಳಿ ಪಾಳಿಗೆ ಪೈಪೋಟಿ ಇರಬೇಕು, ಇಲ್ಲದಿದ್ದರೆ ಯಾರೂ ಓಡುವುದಿಲ್ಲ." ಈ ಪೈಪೋಟಿ ಏನು ಮಾಡುತ್ತದೆ ಎಂಬುದನ್ನು ಗೋದಾಮಿನಲ್ಲಿ ಕೆಲಸ ಮಾಡಿದ ಎಲ್ಲರೂ ಕಂಡಿದ್ದಾರೆ. ಬಿನ್ ತಪ್ಪಾಗಿದೆ ಎಂದು ಗೊತ್ತಾದವನು ಹೇಳುವುದಿಲ್ಲ; ಹೇಳಲು ಹೋದರೆ ತನ್ನ ವೇಗ ಬೀಳುತ್ತದೆ. ಪಾಳಿ ಬದಲಾಗುವಾಗ ಉಳಿದ ಆರ್ಡರ್‌ಗಳ ಬಗ್ಗೆ ಒಂದು ಮಾತೂ ಬರುವುದಿಲ್ಲ. "ಅದು ಅವ್ರ್ ಪಾಳಿ ಕೆಲ್ಸ ಕಣಣ್ಣ, ನಾವ್ಯಾಕ್ ಮುಟ್ಟಾನ?" ಎಂದು ನಮ್ಮ ಕಡೆಯ ಹುಡುಗನೇ ಕೇಳುವಂತಾಗುತ್ತದೆ. ಒಂದು ಆರ್ಡರ್‌ನ ಸಾಮಾನು ಹಲವು ಸಲ ಒಂದಕ್ಕಿಂತ ಹೆಚ್ಚು ಪಾಳಿಯ ಕೈ ದಾಟಿ ಗಿರಾಕಿಗೆ ತಲುಪುತ್ತದೆ. ಆ ಪಾಳಿಗಳನ್ನು ಎದುರಾಳಿಗಳನ್ನಾಗಿ ಮಾಡಿದರೆ ಅಂಕಿ ಚೆನ್ನಾಗಿ ಕಾಣಬಹುದು, ಆರ್ಡರ್ ಮಾತ್ರ ಬೇಗ ತಲುಪುವುದಿಲ್ಲ.

ಅಂಕಿಯ ಒತ್ತಡ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ದೇಶ 2024ರಲ್ಲಿ ಕಂಡಿತು. ಹರಿಯಾಣದ ಮಾನೇಸರ್‌ನ ಅಮೆಜಾನ್ ಗೋದಾಮಿನಲ್ಲಿ, ಗುರಿ ಮುಗಿಯುವವರೆಗೆ ಶೌಚಕ್ಕೂ ನೀರಿಗೂ ಹೋಗುವುದಿಲ್ಲ ಎಂದು ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸಲಾಯಿತು ಎಂಬ ವರದಿ ಪತ್ರಿಕೆಗಳಲ್ಲಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಅದನ್ನು ಕೈಗೆತ್ತಿಕೊಂಡು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸು ಕೊಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೂ ಮೊದಲೇ ಎಚ್ಚೆತ್ತಿತ್ತು. 2022ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿಯ ಕಾನೂನಿನ ಪ್ರಕಾರ ದೊಡ್ಡ ಗೋದಾಮುಗಳು ಕೆಲಸದ ಗುರಿಯನ್ನು ಕಾರ್ಮಿಕನಿಗೆ ಬರಹದಲ್ಲಿ ತಿಳಿಸಬೇಕು. ಊಟ, ವಿರಾಮ, ಶೌಚಕ್ಕೆ ಅಡ್ಡಿಯಾಗುವ ಗುರಿ ಇಡುವಂತಿಲ್ಲ. ತನ್ನ ಹಿಂದಿನ 90 ದಿನದ ವೇಗದ ದಾಖಲೆಯನ್ನು ಕಾರ್ಮಿಕ ಕೇಳಿ ಪಡೆಯಬಹುದು. ತನ್ನ ಬಗ್ಗೆ ಬರೆದ ಅಂಕಿಯನ್ನು ನೋಡುವ, ಪ್ರಶ್ನಿಸುವ ಹಕ್ಕು ಎಂದರೆ ಇದು. ನಮ್ಮ ಮಕ್ಕಳಿಗೂ ಅದು ಸಿಗಬೇಕು.

ವರದಿಯೇ ಬೇಡ ಎನ್ನುವುದು ನನ್ನ ಮಾತಲ್ಲ. ವರದಿ ಬೇಕು, ಇನ್ನೂ ಬಿಡಿಸಿ ಬರೆದ ವರದಿ ಬೇಕು. ಒಂದು ಆರ್ಡರ್‌ನ ಹಾದಿಯಲ್ಲಿ ಐದು ಗುರುತುಗಳಿವೆ: ಬಂದ ಸಮಯ, ಪಿಕ್‌ಲಿಸ್ಟ್ ಬಿಡುಗಡೆಯಾದ ಸಮಯ, ತೆಗೆದು ಮುಗಿದ ಸಮಯ, ಪ್ಯಾಕ್ ಆದ ಸಮಯ, ಗೇಟು ದಾಟಿದ ಸಮಯ. ಐದೂ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಮೊದಲ ಎರಡರ ನಡುವಿನ ಹೊತ್ತು ಯೋಜನೆ ಮಾಡುವವರದು, ಕೊನೆಯ ಎರಡರ ನಡುವಿನದು ಗಾಡಿಯವರದು. ನಡುವಿನದು ಮಾತ್ರ ಪಾಳಿಯವರ ಕೈಕೆಲಸ. ಇವನ್ನು ಬೇರೆ ಬೇರೆ ತೋರಿಸಿ. ಪ್ರತಿ ಪಾಳಿಯ ಸಾಲಿನಲ್ಲಿ ಶುರುವಿಗೆ ಎಷ್ಟು ಹಳೆಯ ಆರ್ಡರ್ ಬಂತು, ಅದರ ವಯಸ್ಸೆಷ್ಟು, ಮುಗಿವಾಗ ಎಷ್ಟು ಉಳಿಯಿತು ಎಂದು ಬರೆಯಿರಿ. ತಪ್ಪುಗಳನ್ನು ಪಾಳಿಗಿಂತ ಮೊದಲು ಬಿನ್ನಿನ ಪ್ರಕಾರ, ಗಂಟೆಯ ಪ್ರಕಾರ ಜೋಡಿಸಿ. ರಾತ್ರಿಯೂ ಒಬ್ಬ ಸ್ಟಾಕ್ ಸರಿಪಡಿಸುವವನನ್ನು ಇಡಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಸಾಫ್ಟ್‌ವೇರ್ ಬೇಡ.

ಗೋದಾಮು ನಡೆಸುವವರಿಗೆ ನಾನು ಹೇಳುವುದು ಇಷ್ಟು: ಹಳೆಯ ಬಾಕಿಯನ್ನೂ ಬೇರೆಯವರ ತಪ್ಪನ್ನೂ ಕಳೆದು ನೋಡದೆ ಯಾವ ಪಾಳಿಯ ಇನ್ಸೆಂಟಿವ್‌ಗೂ ಕೈ ಹಾಕಬೇಡಿ, ಯಾರ ಕೆಲಸಕ್ಕೂ ಕೈ ಹಾಕಬೇಡಿ. ಬಂಡೂರು, ಮಳವಳ್ಳಿ, ಮದ್ದೂರಿನ ತಂದೆತಾಯಿಗಳಿಗೆ ಹೇಳುವುದು: ಮಗನನ್ನು ಕಂಪನಿ ಬಿಡಿಸಿತು ಎಂದು ಕೇಳಿದಾಗ ಅವನು ಕೈಲಾಗದವನೆಂದು ಊರ ಜನರ ಜೊತೆ ಸೇರಿ ನೀವೂ ತೀರ್ಮಾನಿಸಬೇಡಿ. ಆ ಕೆಲಸದಲ್ಲಿರುವ ಹುಡುಗ ಹುಡುಗಿಯರಿಗೆ ಹೇಳುವುದು: ಕೆಂಪು ಸಾಲು ತೋರಿಸಿದವರನ್ನು ಮೂರು ಪ್ರಶ್ನೆ ಕೇಳಿ. ಪಾಳಿ ಶುರುವಾದಾಗ ಎಷ್ಟು ಆರ್ಡರ್ ಬಾಕಿ ಇತ್ತು? ತಪ್ಪುಗಳು ಯಾವ ಬಿನ್ನಿನವು? ಪ್ಯಾಕ್ ಆದ ಮೇಲೆ ಪೆಟ್ಟಿಗೆ ಗಾಡಿಗೆ ಎಷ್ಟು ಹೊತ್ತು ಕಾಯಿತು? ಈ ಮೂರಕ್ಕೆ ಉತ್ತರ ಕೊಡಲಾರದ ವರದಿಗೆ ನಿಮ್ಮ ಕೆಲಸವನ್ನು ಅಳೆಯುವ ಯೋಗ್ಯತೆ ಇಲ್ಲ.